ಮೆಂ, ಬೆರ್, ದಿ: ಇಂಡೊನೇಷ್ಯನ್ ಪದ ಕಟ್ಟುವ ಅಭ್ಯಾಸಕ್ಕೆ ಕನ್ನಡಿಗರ ದಾರಿ

ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿಸುವಾಗ ಆ ಕೊನೆಯ ಅಕ್ಷರ ಯಾಕಾದರೂ ಇದೆಯೋ ಅಂತ ಅನ್ನಿಸಿರುತ್ತದೆ. ಬರೆದು ಬರೆದು ಕೈ ನೋಯಿಸಿಕೊಂಡದ್ದು ಬಿಟ್ಟರೆ ಅದರಿಂದ ಉಪಯೋಗವಿಲ್ಲ. ವಾಙ್ಮಯ ಅನ್ನೋ ಒಂದು ಪದಕ್ಕೆ ಬೇಕು, ಮುಗೀತು. ಪಕ್ಕದ ಞ ಕೂಡ ಹಾಗೆಯೇ. ನನಗೆ ಈ ಎರಡು ಅಕ್ಷರಗಳ ಬೆಲೆ ಗೊತ್ತಾದದ್ದು ಇಂಡೊನೇಷ್ಯನ್ ಭಾಷೆಯ ಅಭ್ಯಾಸ ಪುಸ್ತಕದ ಎದುರು ಕೂತಾಗ. ಆ ಭಾಷೆಯ ಅರ್ಧ ಕ್ರಿಯಾಪದಗಳು ಈ ಅನುನಾಸಿಕಗಳ ಮೇಲೆಯೇ ನಿಂತಿವೆ.

ಆ ಪುಸ್ತಕಗಳಲ್ಲಿ ಒಂದು ಮಾದರಿ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಂಸದೊಳಗೆ ಒಂದು ಮೂಲಪದ ಕೊಟ್ಟಿರುತ್ತಾರೆ, ಅದಕ್ಕೆ ಸರಿಯಾದ ಪ್ರತ್ಯಯ ಹಚ್ಚಿ ವಾಕ್ಯ ತುಂಬಬೇಕು. ಮೂಲಪದಕ್ಕೆ ಅವರು ಹೇಳುವುದು ಕಾತಾ ದಾಸರ್. ಕಾತಾ ನಮ್ಮ ‘ಕಥಾ’ ಅನ್ನೋ ಸಂಸ್ಕೃತ ಪದವೇ, ಅಲ್ಲಿ ಅದಕ್ಕೆ ‘ಪದ’ ಅನ್ನೋ ಅರ್ಥ ಬಂದಿದೆ. ಹಚ್ಚಬೇಕಾದ ಪ್ರತ್ಯಯಗಳು ಹಲವಿದ್ದರೂ ಮೊದಲ ಹಂತದಲ್ಲಿ ಕೆಲಸ ನಡೆಸುವುದು ಮೂರೇ: ಪುಸ್ತಕದಲ್ಲಿ meN- ಎಂದು ಬರೆಯುವ ಒಂದು, ber- ಮತ್ತು di-. ಮೂರೂ ಪದದ ಮುಂದೆ ಕೂರುತ್ತವೆ. ಕನ್ನಡದ ಪ್ರತ್ಯಯಗಳು ಪದದ ಹಿಂದೆ ಹತ್ತುತ್ತವಲ್ಲ, ಅದಕ್ಕೇ ನಮಗೆ ಮೊದಲು ಸ್ವಲ್ಪ ತಲೆಕೆಳಗಾದಂತೆ ಅನ್ನಿಸುತ್ತದೆ. ‘ಅನು’, ‘ಪರಿ’, ‘ಸಂ’ ಎಂಬ ಉಪಸರ್ಗಗಳನ್ನು ನೆನೆದುಕೊಂಡರೆ ಕೂತುಬಿಡುತ್ತದೆ.

ಮೂರರಲ್ಲಿ ಯಾವುದು ಮೊದಲು? ಬಹುತೇಕ ಪುಸ್ತಕಗಳು ಮೆಂ ಇಂದ ಶುರು ಮಾಡುತ್ತವೆ. ನನ್ನ ಪ್ರಕಾರ ಅದು ತಪ್ಪು ಕ್ರಮ. ಶುರು ಮಾಡಬೇಕಾದದ್ದು ದಿ ಇಂದ.

ಮೊದಲ ಹೆಜ್ಜೆ: ದಿ

ದಿ ಪದಕ್ಕೆ ಏನೂ ಮಾಡುವುದಿಲ್ಲ. ಮುಂದೆ ಬಂದು ಸುಮ್ಮನೆ ನಿಲ್ಲುತ್ತದೆ. ತುಲಿಸ್ ಅಂದರೆ ‘ಬರೆ’, ದಿತುಲಿಸ್ ಅಂದರೆ ‘ಬರೆಯಲ್ಪಡು’. ಕಿರಿಮ್ ‘ಕಳಿಸು’, ದಿಕಿರಿಮ್. ಪುಕುಲ್ ‘ಹೊಡೆ’, ದಿಪುಕುಲ್. ಸಾಪು ‘ಗುಡಿಸು’, ದಿಸಾಪು. ಅಂಬಿಲ್ ‘ತೆಗೆದುಕೊ’, ದಿಅಂಬಿಲ್. ಮೂಲಪದ ಎಲ್ಲೂ ಮುಕ್ಕಾಗಲಿಲ್ಲ, ಪೂರ್ತಿ ಕಾಣುತ್ತಿದೆ. ಇದನ್ನು ನೆನಪಿಡಿ, ಮುಂದೆ ಇದೇ ನಮ್ಮ ಕನ್ನಡಿ.

‘ಬರೆಯಲ್ಪಡು’ ಅಂತ ಅರ್ಥ ಬರೆದೆನಾದರೂ ಆ ನಾಟಕೀಯ ಕನ್ನಡದ ಭಾರ ದಿಗೆ ಇಲ್ಲ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ವ್ಯಾಕರಣ ಪುಸ್ತಕದಲ್ಲೋ ಸರ್ಕಾರಿ ಆದೇಶದಲ್ಲೋ ಸಿಗುತ್ತದೆ, ಮನೆಯಲ್ಲಿ ಯಾರೂ ‘ಅನ್ನ ನನ್ನಿಂದ ಉಣ್ಣಲ್ಪಟ್ಟಿತು’ ಅನ್ನುವುದಿಲ್ಲ. ಇಂಡೊನೇಷ್ಯದಲ್ಲಿ ದಿ ಬೀದಿಯ ಮಾತು. ಮಾರಾಟಕ್ಕಿರುವ ಮನೆಯ ಗೇಟಿಗೆ ‘ದಿಜುವಲ್’ ಎಂಬ ಒಂದೇ ಪದದ ಬೋರ್ಡು ತೂಗುತ್ತದೆ. ಜುವಲ್ ಅಂದರೆ ಮಾರು. ಆಸ್ಪತ್ರೆಯ ಗೋಡೆಯ ಮೇಲೆ ‘ದಿಲಾರಙ್ ಮೆರೊಕೊಕ್’ ಅಂತಿರುತ್ತದೆ, ಧೂಮಪಾನ ನಿಷೇಧಿಸಲಾಗಿದೆ ಅಂತ. ಲಾರಙ್ ‘ತಡೆ’, ರೊಕೊಕ್ ‘ಸಿಗರೇಟು’. 

ದಿ ವಿಷಯದಲ್ಲಿ ಅಭ್ಯಾಸಕ್ಕೆ ಕೂತವರು ಎಡವುವ ಜಾಗ ಎರಡು. ಒಂದು, ಬರವಣಿಗೆಯದು. ಇದೇ ‘ದಿ’ ಎಂಬ ಉಚ್ಚಾರದ ಇನ್ನೊಂದು ಪದವಿದೆ, ಅದಕ್ಕೆ ‘ಅಲ್ಲಿ, ಒಳಗೆ’ ಎಂಬ ಸಪ್ತಮಿಯ ಅರ್ಥ. ದಿ ರುಮಹ್ ‘ಮನೆಯಲ್ಲಿ’, ದಿ ಪಾಸರ್ ‘ಮಾರುಕಟ್ಟೆಯಲ್ಲಿ’. ಇದನ್ನು ಬಿಡಿಸಿ ಬರೆಯಬೇಕು, ಪ್ರತ್ಯಯದ ದಿಯನ್ನು ಕೂಡಿಸಿ ಬರೆಯಬೇಕು. 1947ರ ಕಾಗುಣಿತ ಕ್ರಮದಲ್ಲಿ ಎರಡನ್ನೂ ಕೂಡಿಸಿಯೇ ಬರೆಯುತ್ತಿದ್ದರು, 1972ರ ಪರಿಷ್ಕರಣೆ ಎರಡನ್ನೂ ಬೇರೆ ಮಾಡಿತು. ಇಷ್ಟು ವರ್ಷವಾದರೂ ಅಲ್ಲಿಯ ಅಂಗಡಿ ಬೋರ್ಡುಗಳಲ್ಲಿ ಈ ತಪ್ಪು ಧಾರಾಳವಾಗಿ ಸಿಗುತ್ತದೆ, ಹಾಗಾಗಿ ಬೋರ್ಡು ನೋಡಿ ಕಲಿಯಬೇಡಿ. ಗುರುತು ಹಿಡಿಯುವುದು ಸುಲಭ: ಆ ಪದಕ್ಕೆ ದಿ ತೆಗೆದು ಮೆಂ ಹಾಕಲು ಬಂದರೆ ಕೂಡಿಸಿ, ಬಾರದಿದ್ದರೆ ಬಿಡಿಸಿ. ದಿಜುವಲ್‌ಗೆ ಮೆಂಜುವಲ್ ಇದೆ. ದಿ ಪಾಸರ್‌ಗೆ, ಮಾರುಕಟ್ಟೆಯಲ್ಲಿ ಎಂಬ ಅರ್ಥದಲ್ಲಿ, ಅಂಥ ಜೋಡಿ ಇಲ್ಲ.

ಇನ್ನೊಂದು, ಮಾಡಿದವರು ಯಾರು ಅನ್ನುವುದು. ದಿ ಹಚ್ಚುವುದು ಕೆಲಸ ಮಾಡಿದವರು ಮೂರನೆಯವರಾಗಿದ್ದಾಗ ಅಥವಾ ಯಾರೆಂದು ಹೇಳದಿದ್ದಾಗ. ‘ಓಲೆಹ್’ ಎಂಬ ಪದ ನಮ್ಮ ‘ಇಂದ’. ಮಾಡಿದವರು ನಾನು ಅಥವಾ ನೀನು ಆದರೆ ದಿ ಬಿದ್ದುಹೋಗಿ ಬರಿಯ ಮೂಲಪದ ಉಳಿಯುತ್ತದೆ: ‘ಸುರತ್ ಇತು ಸಾಯ ಕಿರಿಮ್’. ಪದಕ್ಕೆ ಪದ ಇಟ್ಟರೆ ‘ಪತ್ರ ಆ ನಾನು ಕಳಿಸು’. ಇದನ್ನು ಓದಿದಾಗ ನನಗೆ ನಗು ಬಂತು, ಯಾಕೆಂದರೆ ನಾವು ದಿನಾ ಆಡುವುದೂ ಹೀಗೆಯೇ: ‘ಆ ಪತ್ರ ನಾನು ಕಳಿಸ್ದೆ’. ಪತ್ರವನ್ನು ಮುಂದಿಟ್ಟೆವು, ನನ್ನಿಂದ ಗಿನ್ನಿಂದ ಅನ್ನಲಿಲ್ಲ. ಅಭ್ಯಾಸದಲ್ಲಿ ‘ದಿಕಿರಿಮ್ ಓಲೆಹ್ ಸಾಯ’ ಅಂತ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ.

ಎರಡನೆಯ ಹೆಜ್ಜೆ: ಮೆಂ, ಅಂದರೆ ಮೆ ಮತ್ತು ಒಂದು ಸೊನ್ನೆ

ಇಲ್ಲಿದೆ ನಿಜವಾದ ಕೆಲಸ. ಮಾಡುವವನು ಮುಂದಿದ್ದು, ಮಾಡಿಸಿಕೊಳ್ಳುವ ವಸ್ತು ಹಿಂದೆ ಬಂದಾಗ ಮೆಂ ಹತ್ತುತ್ತದೆ. ‘ಅಮ್ಮ ಅಂಗಳ ಗುಡಿಸುತ್ತಾಳೆ’ ಎಂಬಂಥ ವಾಕ್ಯ. ಇದರ ಅರ್ಥ ಸುಲಭ, ಆಕಾರ ಕಷ್ಟ. ಪುಸ್ತಕಗಳು ಇದಕ್ಕೆ ಒಂದು ದೊಡ್ಡ ಕೋಷ್ಟಕ ಕೊಟ್ಟು, ಬಿ ಇಂದ ಶುರುವಾದರೆ ಹೀಗೆ, ಡಿ ಇಂದ ಶುರುವಾದರೆ ಹಾಗೆ ಅಂತ ಉರು ಹೊಡೆಸುತ್ತವೆ. ರೋಮನ್ ಲಿಪಿಯ ಮಕ್ಕಳಿಗೆ ಬೇರೆ ದಾರಿಯಿಲ್ಲ. ನಮಗಿದೆ. ಪುಸ್ತಕದ ಆ ದೊಡ್ಡ N ಅನ್ನು ಕನ್ನಡದ ಸೊನ್ನೆ ಅಂತ ಓದಿ, ಅರ್ಧ ಕೋಷ್ಟಕ ತಾನಾಗಿ ಬರುತ್ತದೆ.

ಅಂಬು, ಅಂತ, ಅಂಚು, ಅಂಗಳ ಎಂದು ಗಟ್ಟಿಯಾಗಿ ಹೇಳಿನೋಡಿ. ಬರೆಯುವುದು ಒಂದೇ ಸೊನ್ನೆ. ಬಾಯಿ ಮಾತ್ರ ಮುಂದಿನ ಅಕ್ಷರ ನೋಡಿಕೊಂಡು ಮ್, ನ್, ಞ್, ಙ್ ಎಂದು ಬದಲಾಯಿಸುತ್ತದೆ. ಯಾರೂ ಕಲಿಸಿಲ್ಲ. ಈಗ ಬಾಚ ‘ಓದು’ ಪದಕ್ಕೆ ಮೆಂ ಹಚ್ಚಿ: ಮೆಂಬಾಚ. ದೆಙರ್ ‘ಕೇಳಿಸಿಕೊ’: ಮೆಂದೆಙರ್. ಚಾರಿ ‘ಹುಡುಕು’: ಮೆಂಚಾರಿ. ಜುವಲ್: ಮೆಂಜುವಲ್. ಗಂಬರ್ ‘ಚಿತ್ರ, ಚಿತ್ರ ಬರೆ’: ಮೆಂಗಂಬರ್. ಏನನ್ನೂ ನೆನಪಿಡಬೇಕಾಗಿಲ್ಲ. ಅಂದಹಾಗೆ ಬಾಚ ನಮ್ಮ ‘ವಾಚನ’ದ ಕಡೆಯದೇ.

ಅಷ್ಟೇ ಆಗಿದ್ದರೆ ಅಭ್ಯಾಸ ಪುಸ್ತಕವೇ ಬೇಡವಾಗಿತ್ತು. ನಾಲ್ಕು ಅಕ್ಷರಗಳು ಮಾತ್ರ ಸೊನ್ನೆಯ ಮುಂದೆ ನಿಲ್ಲಲಾರವು: ಪ, ತ, ಕ, ಸ. ಇವು ಶುರುವಿನಲ್ಲಿದ್ದರೆ ಕರಗಿಹೋಗುತ್ತವೆ, ಅವುಗಳ ಜಾಗದಲ್ಲಿ ಅನುನಾಸಿಕ ಕೂರುತ್ತದೆ. ಇಂಡೊನೇಷ್ಯನ್ ಮೇಷ್ಟ್ರುಗಳೂ ‘ಕರಗು’ ಎಂಬ ಅರ್ಥದ ‘ಲುಲುಹ್’ ಎಂಬ ಪದವನ್ನೇ ಬಳಸುತ್ತಾರೆ, ಮಕ್ಕಳು ಕಾ-ತೆ-ಎಸ್-ಪೆ ಅಂತ ನಾಲ್ಕು ಅಕ್ಷರ ಬಾಯಿಪಾಠ ಮಾಡುತ್ತಾರೆ. ರೋಮನ್ ಕಾಗುಣಿತದಲ್ಲಿ ಅದು ಹೀಗೆ ಕಾಣುತ್ತದೆ:

```
meN- + pukul -> memukul
meN- + tulis -> menulis
meN- + kirim -> mengirim
meN- + sapu  -> menyapu
```

ಕನ್ನಡದಲ್ಲಿ ಬರೆದರೆ ಮೆಮುಕುಲ್, ಮೆನುಲಿಸ್, ಮೆಙಿರಿಮ್, ಮೆಞಾಪು. ಈಗ ವರ್ಣಮಾಲೆಯ ಪಟ್ಟಿ ಕಣ್ಣ ಮುಂದೆ ತಂದುಕೊಳ್ಳಿ. ಪ ಸಾಲಿನ ಕೊನೆಗೆ ಮ, ತ ಸಾಲಿನ ಕೊನೆಗೆ ನ, ಕ ಸಾಲಿನ ಕೊನೆಗೆ ಙ. ಸಾಲಿನ ಮೊದಲ ಮನೆಯವನು ಎದ್ದುಹೋಗಿ ಕೊನೆಯ ಮನೆಯವನು ಬಂದು ಕೂರುತ್ತಾನೆ, ಅಷ್ಟೇ. ನಮ್ಮ ಆದೇಶ ಸಂಧಿಯಲ್ಲೂ ಪೆಟ್ಟು ಬೀಳುವುದು ಇದೇ ಕ, ತ, ಪಗಳಿಗೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಆದರೆ ನಾವು ಅವನ್ನು ಗ, ದ, ಬ ಮಾಡಿ ಉಳಿಸಿಕೊಳ್ಳುತ್ತೇವೆ. ಇಂಡೊನೇಷ್ಯದವರ ಕೈಗೆ ಸಿಕ್ಕಿದ್ದರೆ ಕಣ್ + ಪನಿ ‘ಕಮನಿ’ಯಾಗುತ್ತಿತ್ತು.

ಸ ಮಾತ್ರ ಈ ಮನೆ ಲೆಕ್ಕಕ್ಕೆ ಒಪ್ಪುವುದಿಲ್ಲ. ಅದಕ್ಕೆ ಸ್ವಂತ ಸಾಲಿಲ್ಲ, ಚ ಸಾಲಿನ ಞವನ್ನು ಎರವಲು ತಂದುಕೊಳ್ಳುತ್ತದೆ. ಚ ಮಾತ್ರ ತನ್ನ ಜಾಗ ಬಿಡುವುದಿಲ್ಲ. ನಾನು ಬಿದ್ದ ಹಳ್ಳ ಇದೇ. ಚುಚಿ ಅಂದರೆ ‘ತೊಳೆ’, ಬಟ್ಟೆ ಒಗೆಯುವುದಕ್ಕೂ ಅದೇ. ಅದಕ್ಕೆ ಮೆಂ ಹಚ್ಚಿದರೆ ಮೆಂಚುಚಿ. ನಾನು ಮೆಞುಚಿ ಅಂತ ಬರೆದೆ. ತರಗತಿಯ ಮೇಡಂ ಓದಿ ಕೇಳಿದರು, ‘ಬಟ್ಟೆಯನ್ನು ಪವಿತ್ರ ಮಾಡ್ತಾ ಇದ್ದೀರೋ?’ ಸುಚಿ ಎಂಬ ಇನ್ನೊಂದು ಮೂಲಪದವಿದೆ, ನಮ್ಮ ‘ಶುಚಿ’ಯೇ, ಅಲ್ಲಿ ಅದರ ಅರ್ಥ ಪವಿತ್ರ. ಅದರಿಂದ ಬರುವ ಮೆಞುಚಿಕನ್ ಅಂದರೆ ಪಾವನಗೊಳಿಸು. ತಪ್ಪಿಗೆ ಕಾರಣವೂ ಇತ್ತು. ಜಕಾರ್ತದ ಬೀದಿಮಾತಿನಲ್ಲಿ ಮೆ ಉದುರಿ ಬರಿಯ ಅನುನಾಸಿಕ ಉಳಿಯುತ್ತದೆ: ನುಲಿಸ್, ಙಿರಿಮ್, ಞಾಪು. ಅಲ್ಲಿ ಚ ಕೂಡ ಕರಗುತ್ತದೆ, ಬಟ್ಟೆ ಒಗೆಯುವುದು ‘ಞುಚಿ’. ದಿನಾ ಕೇಳಿದ್ದನ್ನೇ ಪುಸ್ತಕದಲ್ಲಿ ಮೆ ಸೇರಿಸಿ ಬರೆದರೆ ಹೀಗಾಗುತ್ತದೆ. ಕಿವಿಯ ಇಂಡೊನೇಷ್ಯನ್ ಬೇರೆ, ಪರೀಕ್ಷೆಯ ಇಂಡೊನೇಷ್ಯನ್ ಬೇರೆ.

ಸೊನ್ನೆ ತಾನೇ ಬಿದ್ದುಹೋಗುವ ಸಂದರ್ಭವೂ ಇದೆ. ಮೂಲಪದ ಯ, ರ, ಲ, ವಗಳಿಂದ ಅಥವಾ ಅನುನಾಸಿಕದಿಂದ ಶುರುವಾದರೆ ಬರಿಯ ಮೆ ಸಾಕು. ಲಿಹತ್ ‘ನೋಡು’, ಮೆಲಿಹತ್. ರೊಕೊಕ್, ಮೆರೊಕೊಕ್. ಮಾಸಕ್ ‘ಅಡುಗೆ ಮಾಡು’, ಮೆಮಾಸಕ್. ನಿಲೈ ‘ಬೆಲೆ, ಅಂಕ’, ಮೆನಿಲೈ. ಮತ್ತೆ ನಮ್ಮ ವರ್ಣಮಾಲೆಯ ಗುಂಪುಗಳೇ.

ಸೊನ್ನೆ ಸೂತ್ರ ನಮಗೆ ಮೋಸ ಮಾಡುವ ಜಾಗವನ್ನೂ ಹೇಳಿಬಿಡಬೇಕು. ಸ್ವರದ ಮುಂದೆ ನಮ್ಮ ಬಾಯಿ ಸೊನ್ನೆಯನ್ನು ಮ್ ಮಾಡುತ್ತದೆ; ಸಂ ಮತ್ತು ಆಚಾರ ಸೇರಿ ಸಮಾಚಾರವಾದಂತೆ. ಹಕಾರದ ಮುಂದೂ ಅಷ್ಟೇ, ಸಂಹಾರದಲ್ಲಿ ಕೇಳಿಸುವುದು ಮ್. ಇಂಡೊನೇಷ್ಯನ್‌ನಲ್ಲಿ ಈ ಎರಡು ಕಡೆಯೂ ಙ್ ಬರಬೇಕು. ಅಂಬಿಲ್ ಮೆಙಂಬಿಲ್ ಆಗುತ್ತದೆ, ಮೆಮಂಬಿಲ್ ಅಲ್ಲ. ಹಿತುಙ್ ‘ಎಣಿಸು’, ಮೆಙ್ಹಿತುಙ್. ಉಚ್ಚಾರದಲ್ಲೂ ಒಂದು ಎಚ್ಚರ: ಮೆಙಂಬಿಲ್‌ನಲ್ಲಿ ಗ ಇಲ್ಲ, ಮೆಂಗಂಬರ್‌ನಲ್ಲಿ ಇದೆ. ರೋಮನ್‌ನಲ್ಲಿ ಒಂದಕ್ಕೆ ng, ಇನ್ನೊಂದಕ್ಕೆ ngg. ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವವರು ಙ ಮತ್ತು ಂಗ ಎಂದು ಬೇರೆ ಬೇರೆ ಬರೆದುಕೊಂಡರೆ ಈ ಗೊಂದಲ ಹತ್ತಿರ ಸುಳಿಯುವುದಿಲ್ಲ.

ಅಪವಾದಗಳು ಹಲವಿವೆ. ಅಭ್ಯಾಸದಲ್ಲಿ ನಿಜವಾಗಿ ಬರುವ ಎರಡನ್ನಷ್ಟೇ ಹೇಳುತ್ತೇನೆ. ಮೂಲಪದ ಒಂದೇ ಉಸಿರಿನದಾಗಿದ್ದರೆ, ಅಂದರೆ ಚಾತ್ ‘ಬಣ್ಣ ಹೊಡೆ’, ಬೊಮ್ ‘ಬಾಂಬ್ ಹಾಕು’ ಎಂಬಂಥ ಪದಗಳಿಗೆ, ಮೆಙೆ ಹತ್ತುತ್ತದೆ: ಮೆಙೆಚಾತ್, ಮೆಙೆಬೊಮ್. ಇನ್ನು ಶುರುವಿನಲ್ಲೇ ಒತ್ತಕ್ಷರವಿದ್ದರೆ ಕರಗುವುದಿಲ್ಲ. ಕ್ರಿತಿಕ್ ‘ಟೀಕಿಸು’ ಮೆಂಕ್ರಿತಿಕ್ ಆಗುತ್ತದೆ. ತ್ರಾಕ್ತಿರ್ ಅಂದರೆ ಇನ್ನೊಬ್ಬರ ಊಟದ ಬಿಲ್ಲು ಕೊಡುವುದು, ಅದು ಮೆಂತ್ರಾಕ್ತಿರ್. ಈ ಪದ ಕಲಿತಿದ್ದರೆ ಅಲ್ಲಿ ಸ್ನೇಹಿತರು ಬೇಗ ಸಿಗುತ್ತಾರೆ.

ಮೂರನೆಯ ಹೆಜ್ಜೆ: ಬೆರ್

ಬೆರ್‌ನ ಆಕಾರ ಸುಲಭ, ಅರ್ಥ ಹರಡಿಕೊಂಡಿದೆ. ನಾನು ಅದನ್ನು ‘ಉಳ್ಳ’ ಅಂತ ಹಿಡಿದುಕೊಂಡೆ, ಬಹಳ ದೂರ ಕರೆದೊಯ್ದಿತು. ರಂಬುತ್ ‘ಕೂದಲು’, ಬೆರಂಬುತ್ ಪಾಂಜಙ್ ‘ಉದ್ದ ಕೂದಲುಳ್ಳ’. ನಾಮ ‘ಹೆಸರು’, ಬೆರ್ನಾಮ ‘ಹೆಸರುಳ್ಳ’. ಇಸ್ತ್ರಿ ಅಂದರೆ ಹೆಂಡತಿ, ನಮ್ಮ ‘ಸ್ತ್ರೀ’. ಬೆರಿಸ್ತ್ರಿ ಅಂದರೆ ಹೆಂಡತಿಯುಳ್ಳವನು, ಮದುವೆಯಾದವನು. ತೊಟ್ಟುಕೊಳ್ಳುವುದೂ ಇದರಲ್ಲೇ ಬರುತ್ತದೆ: ಬಾಜು ‘ಅಂಗಿ’, ಬೆರ್ಬಾಜು ‘ಅಂಗಿ ತೊಟ್ಟ’. ಸೈಕಲ್ಲಿಗೆ ಸೆಪೇದ, ಸೈಕಲ್ ಹೊಡೆಯುವುದು ಬೆರ್ಸೆಪೇದ. ತೆಲುರ್ ‘ಮೊಟ್ಟೆ’, ಬೆರ್ತೆಲುರ್ ‘ಮೊಟ್ಟೆ ಇಡು’. ಸಂಖ್ಯೆಗೆ ಹಚ್ಚಿದರೆ ‘ಮೂವರಾಗಿ’ ಎಂಬಂತೆ: ತಿಗ ‘ಮೂರು’, ಬೆರ್ತಿಗ. ಇವೆಲ್ಲದರಲ್ಲಿ ಸಾಮಾನ್ಯವಾದದ್ದು ಒಂದೇ. ಕೆಲಸ ಮಾಡುವವನ ಮೇಲೆಯೇ ನಿಲ್ಲುತ್ತದೆ, ಇನ್ನೊಂದು ವಸ್ತುವಿಗೆ ದಾಟುವುದಿಲ್ಲ. ಅದಕ್ಕೇ ಬೆರ್ ಹತ್ತಿದ ಪದಕ್ಕೆ ದಿ ರೂಪವಿಲ್ಲ.

ಆಕಾರದಲ್ಲಿ ನೋಡಬೇಕಾದದ್ದು ರ್ ಉಳಿಯುತ್ತದೋ ಇಲ್ಲವೋ ಎಂದಷ್ಟೆ. ಮೂಲಪದ ರಕಾರದಿಂದ ಶುರುವಾದರೆ ರ್ ಒಂದೇ ಸಾಕು: ರೆನಙ್ ‘ಈಜು’, ಬೆರೆನಙ್. ಮೂಲಪದದ ಮೊದಲ ಭಾಗವೇ ‘ಎರ್’ ಎಂದು ಮುಗಿದರೂ ರ್ ಬೀಳುತ್ತದೆ: ಕೆರ್ಜ ‘ಕೆಲಸ’ ಎಂಬುದರಿಂದ ಬೆಕೆರ್ಜ, ತೆರ್ನಕ್ ‘ಸಾಕುಪ್ರಾಣಿ’ ಎಂಬುದರಿಂದ ಬೆತೆರ್ನಕ್. ಕೆರ್ಜ ನಮ್ಮ ‘ಕಾರ್ಯ’. ಈಚೆಗೆ ಬಂದ ಪದಗಳು ಇದನ್ನು ಲೆಕ್ಕಿಸುವುದಿಲ್ಲ, ಸರ್ಟಿಫಿಕೇಟ್ ಉಳ್ಳ ಎಂಬುದಕ್ಕೆ ಬೆರ್ಸೆರ್ತಿಫಿಕತ್ ಎಂದೇ ಬರೆಯುತ್ತಾರೆ. ಇನ್ನು ಆಜರ್ ಎಂಬ ಪದಕ್ಕೆ ರ್ ಬದಲು ಲ್ ಬರುತ್ತದೆ: ಬೆಲಾಜರ್. ನಿತ್ಯದ ಮಾತಿನಲ್ಲಿ ಹೀಗಾಗುವುದು ಇದೊಂದೇ.

ಆಜರ್ ಮೂರೂ ಪ್ರತ್ಯಯಗಳನ್ನು ಒಟ್ಟಿಗೆ ತೋರಿಸುವ ಪದ. ಮೆಙಾಜರ್ ‘ಕಲಿಸು’, ದಿಆಜರ್ ‘ಕಲಿಸಲ್ಪಡು’, ಬೆಲಾಜರ್ ‘ಕಲಿ’. ಕಲಿಕೆ ಇನ್ನೊಬ್ಬರಿಗೆ ದಾಟಿದರೆ ಮೆಂ, ತನ್ನಲ್ಲೇ ಉಳಿದರೆ ಬೆರ್.

ಉಬಹ್ ಇನ್ನೊಂದು. ಬೆರುಬಹ್ ‘ಬದಲಾಗು’, ಮೆಙುಬಹ್ ‘ಬದಲಾಯಿಸು’. ಆದರೆ ಇಂಡೊನೇಷ್ಯದವರೇ ಎಷ್ಟೋ ಜನ ‘ಮೆರುಬಹ್’ ಅನ್ನುತ್ತಾರೆ. ಹೇಗಾಯಿತು ನೋಡಿ: ಬೆರುಬಹ್ ಪದವನ್ನು ಬೆರ್ + ಉಬಹ್ ಅಂತ ಬಿಡಿಸದೆ ಬೆ + ರುಬಹ್ ಅಂತ ಬಿಡಿಸಿದರು, ಆಮೇಲೆ ರುಬಹ್‌ಗೆ ಮೆ ಹಚ್ಚಿದರು. ರುಬಹ್ ಅಂದರೆ ನರಿ. ಹಾಗಾಗಿ ಮೆರುಬಹ್ ಅಂದವರನ್ನು ‘ನರಿಯಾಗ್ತೀಯಾ?’ ಅಂತ ಭಾಷಾ ಮೇಷ್ಟ್ರುಗಳು ಗೇಲಿ ಮಾಡುವುದುಂಟು. ಬೆರುವಙ್ ಪದದಲ್ಲಂತೂ ಮೂರು ದಾರಿ: ಬೆರ್ + ಉವಙ್ ಆದರೆ ‘ದುಡ್ಡುಳ್ಳ’, ಬೆ + ರುವಙ್ ಆದರೆ ‘ಕೋಣೆಯುಳ್ಳ’, ಬಿಡಿಸದೇ ಬಿಟ್ಟರೆ ಕರಡಿ.

ನಾಲ್ಕನೆಯ ಹೆಜ್ಜೆ: ಕಟ್ಟಿದ್ದನ್ನು ಬಿಚ್ಚುವುದು

ಅರ್ಧ ಅಭ್ಯಾಸಗಳು ಉಲ್ಟಾ ಕೇಳುತ್ತವೆ: ಈ ಪದದ ಮೂಲಪದ ಯಾವುದು? ಇದು ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ಇಂಡೊನೇಷ್ಯನ್‌ನ ಅಧಿಕೃತ ನಿಘಂಟು ಕಾಬೆಬೆಇ, 1988ರಲ್ಲಿ ಮೊದಲು ಅಚ್ಚಾದದ್ದು, ಪದಗಳನ್ನು ಮೂಲಪದದ ಕೆಳಗೆ ಜೋಡಿಸುತ್ತದೆ. ಮೆಙಿರಿಮ್ ಪದವನ್ನು ಅಚ್ಚಿನ ಪುಸ್ತಕದಲ್ಲಿ ಮಕಾರದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಿರಿಮ್ ಕೆಳಗಿರುತ್ತದೆ.

ಮೆಂಬಾಚ, ಮೆಂಜುವಲ್ ಬಿಚ್ಚಲು ಏನೂ ಕಷ್ಟವಿಲ್ಲ. ತೊಂದರೆ ಕೊಡುವುದು ಅನುನಾಸಿಕದ ಮೇಲೆ ನೇರವಾಗಿ ಸ್ವರ ಕೂತಿರುವ ಪದಗಳು. ಮೆಮುಕುಲ್‌ನಲ್ಲಿ ಪ ಕರಗಿದೆಯೋ, ಮೂಲದಲ್ಲೇ ಮ ಇತ್ತೋ? ಇಲ್ಲಿ ದಿ ಎಂಬ ಕನ್ನಡಿ ಹಿಡಿಯಿರಿ. ದಿಪುಕುಲ್ ಅನ್ನುತ್ತಾರೆ, ದಿಮುಕುಲ್ ಅನ್ನುವುದಿಲ್ಲ, ಹಾಗಾಗಿ ಪುಕುಲ್. ಮೆಮಿಂತ ‘ಬೇಡು’ ಪದಕ್ಕೆ ದಿಮಿಂತ ಅನ್ನುತ್ತಾರೆ, ಹಾಗಾಗಿ ಮೂಲ ಮಿಂತ. ಮೆನುಲಿಸ್‌ಗೆ ದಿತುಲಿಸ್, ಮೆನಿಲೈಗೆ ದಿನಿಲೈ. ಈ ಕಾರಣಕ್ಕೇ ನಾನು ದಿ ಮೊದಲು ಕಲಿಯಬೇಕೆಂದದ್ದು. ಹೊಸ ಕ್ರಿಯಾಪದ ಸಿಕ್ಕಿದಾಗ ಟಿಪ್ಪಣಿಯಲ್ಲಿ ದಿ ರೂಪವನ್ನು ಬರೆದುಕೊಂಡವರು ಮೆಂ ರೂಪವನ್ನು ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು. ಮೆಂ ರೂಪ ಮಾತ್ರ ಬರೆದುಕೊಂಡವರಿಗೆ ವಾಪಸು ಬರುವ ದಾರಿ ಅಳಿಸಿಹೋಗಿರುತ್ತದೆ.

ದಿ ರೂಪ ಗೊತ್ತೇ ಇಲ್ಲದಿದ್ದರೆ ಅಂದಾಜು ಮಾಡಲೇಬೇಕು. ಮೆಞ ಬಂದರೆ ಕಣ್ಣು ಮುಚ್ಚಿ ಸ ಅನ್ನಿ, ಞಕಾರದಿಂದ ಶುರುವಾಗಿ ಎದುರಾಗುವ ಪದ ಹಾಡು ಎಂಬರ್ಥದ ಞಾಞಿಯಂಥ ಕೆಲವೇ. ಮೆಮ, ಮೆನ ಬಂದಾಗ ಪ, ತಗಳನ್ನು ಮೊದಲು ಪ್ರಯತ್ನಿಸಿ. ಮೆಙ ಬಂದಾಗ ಅಂದಾಜಿಗೆ ಅರ್ಥವಿಲ್ಲ, ಸ್ವರವೂ ಇರಬಹುದು, ಕಕಾರವೂ ಇರಬಹುದು. ಮೆಙುಕುರ್ ಪದಕ್ಕಂತೂ ಎರಡೂ ಸರಿ: ಉಕುರ್ ‘ಅಳತೆ ಮಾಡು’ ಎಂಬುದರಿಂದಲೂ ಅದೇ ಬರುತ್ತದೆ, ಕುಕುರ್ ‘ತೆಂಗಿನಕಾಯಿ ತುರಿಮಣೆ’ಯಿಂದಲೂ ಅದೇ. ತುರಿಯುವುದಕ್ಕೆ ಮೆಮಾರುತ್ ಎಂಬ ಪದವೇ ಹೆಚ್ಚು ಬಳಕೆಯಲ್ಲಿರುವುದರಿಂದ ಅಳತೆ ಎಂದು ಹಿಡಿದರೆ ನಷ್ಟವಿಲ್ಲ.

ಕನ್ನಡಿ ಕೆಲಸ ಮಾಡದ ಪದಗಳೂ ಇವೆ. ಮೆನಾಙಿಸ್ ‘ಅಳು’, ಮೆನಾರಿ ‘ಕುಣಿ’. ಇವಕ್ಕೆ ಮೆಂ ಹತ್ತಿದೆಯಾದರೂ ಕೆಲಸ ಯಾವ ವಸ್ತುವಿಗೂ ದಾಟುವುದಿಲ್ಲ, ಅದರಿಂದ ಬರಿಯ ದಿ ರೂಪ ಸಿಗದು. ಆಗ ನಾಮಪದ ನೋಡಿ. ಅಳುವಿಗೆ ತಾಙಿಸನ್, ಕುಣಿತಕ್ಕೆ ತಾರಿಯನ್. ಹಿಂದಿನ ‘ಅನ್’ ಕಳಚಿದರೆ ತಾಙಿಸ್, ತಾರಿ.

ಐದನೆಯ ಹೆಜ್ಜೆ: ಒಂದು ಅಭ್ಯಾಸವನ್ನು ಪೂರ್ತಿ ಮಾಡೋಣ

ಪರದೆಯ ಮೇಲೆ ಹೀಗೆ ಬರುತ್ತದೆ ಅಂತಿಟ್ಟುಕೊಳ್ಳಿ:

```
Setiap pagi Ibu (sapu) halaman.
Ayah (kerja) di pasar. Ia (jual) ikan.
Adik (ajar) (renang) di sungai.
Nasi (masak) oleh Ibu, lalu semua (kumpul).
Surat itu (kirim) kemarin.
```

ಕಂಸದ ಪದವನ್ನು ಮೊದಲು ನೋಡಬೇಡಿ. ಅದರ ಅಕ್ಕಪಕ್ಕ ನೋಡಿ. ಕಂಸದ ಹಿಂದೆ, ನಡುವೆ ‘ದಿ’ಯಂಥ ಪದವಿಲ್ಲದೆ, ನೇರವಾಗಿ ಒಂದು ವಸ್ತು ಕೂತಿದೆಯೇ? ಇದ್ದರೆ ಮೆಂ. ವಾಕ್ಯದ ಮುಂದೆ ಕೂತಿರುವುದೇ ಮಾಡಿಸಿಕೊಂಡ ವಸ್ತುವೇ? ಹಾಗಿದ್ದರೆ ದಿ. ಎರಡೂ ಅಲ್ಲದಿದ್ದರೆ ಬೆರ್ ಇರಬಹುದು. ಆಕಾರದ ಯೋಚನೆ ಇದಾದ ಮೇಲೆ.

ಮೊದಲ ಸಾಲು: ‘ಪ್ರತಿ ಬೆಳಗ್ಗೆ ಅಮ್ಮ ಅಂಗಳ ಗುಡಿಸುತ್ತಾಳೆ’. ಹಾಲಾಮನ್ ‘ಅಂಗಳ’ ನೇರವಾಗಿ ಹಿಂದೆ ಇದೆ. ಮೆಂ ಬೇಕು, ಸ ಕರಗಿ ಞ ಬರುತ್ತದೆ, ಮೆಞಾಪು.

ಎರಡನೆಯದರಲ್ಲಿ ಅಪ್ಪ. ಕೆರ್ಜದ ಹಿಂದೆ ‘ದಿ ಪಾಸರ್’ ಇದೆ, ಅದು ಜಾಗ, ವಸ್ತುವಲ್ಲ. ಬೆರ್ ಬೇಕು, ಎರ್ ಇರುವುದರಿಂದ ರ್ ಬಿತ್ತು: ಬೆಕೆರ್ಜ. ಅದೇ ಸಾಲಿನಲ್ಲಿ ಮಾರಾಟದ ವಸ್ತು ಇಕನ್ ‘ಮೀನು’ ಬಂದಿತು, ಮೆಂಜುವಲ್.

ಮೂರನೆಯದು ‘ತಮ್ಮ ಅಥವಾ ತಂಗಿ ಹೊಳೆಯಲ್ಲಿ ಈಜು ಕಲಿಯುತ್ತಾನೆ/ಳೆ’. ಆದಿಕ್ ಪದಕ್ಕೆ ಎರಡೂ ಅರ್ಥ. ಬೆಲಾಜರ್ ಬೆರೆನಙ್. ಯಾರಾದರೂ ಮೆಙಾಜರ್ ಬೆರೆನಙ್ ಅಂತ ಬರೆದರೆ ವ್ಯಾಕರಣ ತಪ್ಪೇನಿಲ್ಲ, ಆದರೆ ಮನೆಯ ಚಿಕ್ಕವನು ಊರಿಗೆಲ್ಲ ಈಜು ಕಲಿಸುತ್ತಿದ್ದಾನೆ ಅಂತಾಗುತ್ತದೆ. ಇಂಥಲ್ಲಿ ಪ್ರತ್ಯಯ ತೀರ್ಮಾನಿಸುವುದು ಸನ್ನಿವೇಶ.

ನಾಲ್ಕರಲ್ಲಿ ಮುಂದಿರುವುದು ಅನ್ನ, ಹಿಂದೆ ಓಲೆಹ್. ಅನ್ನ ತಾನೇ ಅಡುಗೆ ಮಾಡುವುದಿಲ್ಲವಲ್ಲ: ದಿಮಾಸಕ್. ‘ಆಮೇಲೆ ಎಲ್ಲರೂ ಸೇರುತ್ತಾರೆ’, ಯಾವ ವಸ್ತುವೂ ಇಲ್ಲ, ಬೆರ್ಕುಂಪುಲ್. ಕೊನೆಯದು ‘ಆ ಪತ್ರ ನಿನ್ನೆ ಕಳಿಸಲಾಯಿತು’. ಕೆಮಾರಿನ್ ‘ನಿನ್ನೆ’ ಕಂಸದ ಹಿಂದೆಯೇ ಇದೆ ಅಂತ ಅದನ್ನು ವಸ್ತು ಅಂದುಕೊಂಡು ಮೆಙಿರಿಮ್ ಬರೆಯುವವರಿದ್ದಾರೆ. ಕಳಿಸಿದ್ದು ನಿನ್ನೆಯನ್ನಲ್ಲ. ದಿಕಿರಿಮ್.

ಈ ಮೂರು ಪ್ರಶ್ನೆಗಳು ಸೋಲುವುದು ಎಲ್ಲಿ ಅಂತಲೂ ತಿಳಿದಿರಲಿ. ತಿದುರ್ ‘ಮಲಗು’, ಪೆರ್ಗಿ ‘ಹೋಗು’, ದಾತಙ್ ‘ಬಾ’, ದುದುಕ್ ‘ಕೂರು’ ಪದಗಳಿಗೆ ಬೆರ್ ಬರಬೇಕೆಂದು ಮೇಲಿನ ಲೆಕ್ಕ ಹೇಳುತ್ತದೆ, ಆದರೆ ಅವು ಯಾವ ಪ್ರತ್ಯಯವೂ ಇಲ್ಲದೆ ಬರಿಮೈಯಲ್ಲೇ ಓಡಾಡುತ್ತವೆ. ಬೆರ್ತಿದುರ್ ಅಂತ ಬರೆದರೆ ತಪ್ಪು. ಆಜ್ಞೆಯಲ್ಲಿ ಮೆಂ ಉದುರುತ್ತದೆ; ‘ಓದು!’ ಅನ್ನಲು ಬಾಚ ಸಾಕು, ಮೆಂಬಾಚ ಬೇಡ. ಬೆರ್ ಪದಗಳ ಹಿಂದೆ ವಸ್ತುವಿನಂತೆ ಕಾಣುವ ಪದ ಬರುವುದೂ ಉಂಟು. ಬೆರ್ಮಾಯಿನ್ ಬೋಲ ‘ಚೆಂಡಾಟ ಆಡು’, ಬೆರ್ಬಹಾಸ ಇಂಡೊನೇಸಿಯ ‘ಇಂಡೊನೇಷ್ಯನ್ ಮಾತಾಡು’. ಚೆಂಡನ್ನು ಮುಂದೆ ತಂದು ‘ದಿಬೆರ್ಮಾಯಿನ್’ ಮಾಡಲು ನೋಡಿ, ಆಗುವುದಿಲ್ಲ. ವಸ್ತುವನ್ನು ವಾಕ್ಯದ ಮುಂದಕ್ಕೆ ತಂದು ದಿ ಹಚ್ಚಲು ಬಂದರೆ ಮಾತ್ರ ಅದು ಮೆಂ ಜಾಗ, ಇಲ್ಲದಿದ್ದರೆ ಬೆರ್ ಹಾಗೇ ಇರಲಿ.